‘ಆರಾಮ ಆಗ್ತಾರೇನ್ರಿ?’: ಕೊನೆಗಾಲದ ಆರೈಕೆಯ ಮಾತುಗಳನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಮುಂಬೈಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ತಂಡವೊಂದು ಕುಟುಂಬದವರಿಗಾಗಿ ಎಂಟು ಪುಟಗಳ ಕೈಪಿಡಿಯೊಂದನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿತ್ತು. ಮರಾಠಿ, ಹಿಂದಿ ಅನುವಾದಗಳಾದ ಮೇಲೆ ಕನ್ನಡದ ಕೆಲಸ ನನ್ನ ಪಾಲಿಗೆ ಬಂತು. ವಾರಕ್ಕೆ ಎರಡು ದಿನ ಆ ತಂಡದ ವೈದ್ಯರಿಗೂ ಕನ್ನಡದ ಕುಟುಂಬಗಳಿಗೂ ನಡುವೆ ದುಭಾಷಿಯಾಗಿ ಕೂರುತ್ತಿದ್ದುದರಿಂದ, ಈ ಕೆಲಸ ನನಗೆ ಕಷ್ಟವಾಗಲಾರದು ಎಂದು ಎಲ್ಲರೂ ಭಾವಿಸಿದ್ದರು. ನಾನೂ ಹಾಗೆಯೇ ಭಾವಿಸಿದ್ದೆ. ನಾನು ಹುಟ್ಟಿ ಬೆಳೆದದ್ದು ಮಾಟುಂಗಾದಲ್ಲಿ, ಮನೆಯ ಮಾತು ಕುಂದಾಪುರದ ಕಡೆಯದು, ಓದಿದ್ದು ಪುಸ್ತಕದ ಕನ್ನಡ. ಆದರೆ ಪರೇಲ್, ದಾದರ್ ಸುತ್ತಮುತ್ತಲಿನ ಧರ್ಮಶಾಲೆಗಳಲ್ಲಿ ತಿಂಗಳುಗಟ್ಟಲೆ ಉಳಿಯುವ ಕನ್ನಡದ ರೋಗಿಗಳಲ್ಲಿ ನಾನು ಕಂಡವರು ಹೆಚ್ಚಾಗಿ ವಿಜಯಪುರ, ಕಲಬುರಗಿ, ಬೀದರ್ ಕಡೆಯವರು. ಒಂದೇ ಪದ ನನ್ನ ಕಿವಿಯಲ್ಲಿ ಒಂದು ಅರ್ಥ ಕೊಟ್ಟರೆ ಅವರ ಕಿವಿಯಲ್ಲಿ ಮತ್ತೊಂದು ಕೊಡುತ್ತದೆ ಎಂಬುದನ್ನು ನಾನು ಅಳೆದಿರಲಿಲ್ಲ.

ಮೊದಲ ತೊಡಕು ಶೀರ್ಷಿಕೆಯಲ್ಲಿಯೇ ಇತ್ತು. ರೋಗವನ್ನಲ್ಲ, ಅದು ತರುವ ನೋವು, ಸಂಕಟಗಳನ್ನು ಇಳಿಸುವ ಪ್ಯಾಲಿಯೇಟಿವ್ ಕೇರ್ ಎಂಬುದಕ್ಕೆ ‘ಉಪಶಮನ ಆರೈಕೆ’ ಎಂಬ ಪದ ಬಳಕೆಯಲ್ಲಿದೆ. ಆದರೆ ಶಮನ ಎಂದರೆ ರೋಗ ತಣ್ಣಗಾಗುವುದು ಎಂದೇ ಜನ ತಿಳಿಯುತ್ತಾರೆ. ‘ರೋಗ ಶಮನ ಆಗೂದಂದ್ರ ಚಲೋನ ಆತಲ್ರಿ’ ಎಂದು ಒಬ್ಬ ತಾಯಿ ಸಂತೋಷದಿಂದ ಹೇಳಿದ್ದುಂಟು. ಹಾಗಾಗಿ ಸುಲಭವಾದ ಮಾತೊಂದನ್ನು ಹುಡುಕಿ, ರೋಗಿಯನ್ನು ನೋವಿಲ್ಲದಂತೆ ಇಡುವುದು ಎಂಬ ಅರ್ಥದಲ್ಲಿ ‘ಆರಾಮದ ಆರೈಕೆ’ ಎಂದು ಬರೆದೆ. ನಮ್ಮ ಕಡೆ ಕಾಯಿಲೆ ವಾಸಿಯಾಗುವುದಕ್ಕೆ ‘ಗುಣ ಆಗುವುದು’ ಎನ್ನುತ್ತೇವೆ, ಆರಾಮ ಎಂದರೆ ನೆಮ್ಮದಿ. ಕನ್ನಡ ಬಲ್ಲ ಬೇರೊಬ್ಬರು, ಮೂಲವನ್ನು ನೋಡದೆ, ನನ್ನ ಕರಡನ್ನು ಮರಳಿ ಇಂಗ್ಲಿಷಿಗೆ ಅನುವಾದಿಸಿದರು. ಅನುವಾದವನ್ನು ಪರೀಕ್ಷಿಸುವ ರೂಢಿಯ ಕ್ರಮ ಅದು. ಅವರ ಅನುವಾದ ಮೂಲಕ್ಕೆ ಸರಿಯಾಗಿ ಹೊಂದಿತು, ಕರಡು ಒಪ್ಪಿಗೆ ಪಡೆಯಿತು.

ಆ ಕರಡನ್ನು ಮೊದಲು ಓದಿದವರಲ್ಲಿ ಇಂಡಿ ತಾಲ್ಲೂಕಿನ ಒಂದು ಕುಟುಂಬವಿತ್ತು. ಅರವತ್ತು ದಾಟಿದ ಯಜಮಾನರಿಗೆ ಅನ್ನನಾಳದ ಕ್ಯಾನ್ಸರ್ ಆಗಿ ಲಿವರಿಗೂ ಹರಡಿತ್ತು. ಡೊಂಬಿವಲಿಯಲ್ಲಿ ಕೂಲಿ ಕೆಲಸದಲ್ಲಿದ್ದ ಮಗನ ಒಂದೇ ಕೋಣೆಯ ಮನೆಯಲ್ಲಿ ಹೆಂಡತಿಯೊಡನೆ ಇದ್ದರು. ಕೀಮೋ ಇನ್ನು ಬೇಡವೆಂದು ವೈದ್ಯರು ನಿರ್ಧರಿಸಿ, ನೋವಿಗೆ ನಾಲ್ಕು ಗಂಟೆಗೊಮ್ಮೆ ಕೊಡುವ ಮಾರ್ಫಿನ್ ಆರಂಭಿಸಿದ್ದರು. ಮಗ ಕೈಪಿಡಿಯನ್ನು ಓದಿ ಮುಗಿಸಿ ಕೇಳಿದ: ‘ಹಂಗಾರ ಅಪ್ಪಾರು ಎಷ್ಟ ದಿನಕ್ಕ ಆರಾಮ ಆಗ್ತಾರ್ರಿ?’ ಆ ಕಡೆಯ ಮಾತಿನಲ್ಲಿ ಆರಾಮ ಆಗುವುದೆಂದರೆ ಕಾಯಿಲೆ ಪೂರ್ತಿ ವಾಸಿಯಾಗುವುದು. ನಾವು ಎಂಟು ಪುಟ ಅಚ್ಚು ಹಾಕಿಸಿ ಆ ಮನೆಗೆ ಹೇಳಿದ್ದು, ನಿಮ್ಮ ತಂದೆಯವರು ವಾಸಿಯಾಗುತ್ತಾರೆ ಎಂದು.

ಆಮೇಲೆ ಹಿಂದಿನ ಭೇಟಿಗಳನ್ನು ನೆನೆಸಿಕೊಂಡಾಗ ಇನ್ನೊಂದು ಸಂಗತಿ ಹೊಳೆಯಿತು. ನಾನಿಲ್ಲದ ದಿನಗಳಲ್ಲಿ ವೈದ್ಯರು ಅವರೊಡನೆ ಹಿಂದಿಯಲ್ಲಿ ಮಾತನಾಡುತ್ತಿದ್ದರು, ‘ಆರಾಮ್ ಮಿಲೇಗಾ’ ಎನ್ನುತ್ತಿದ್ದರು. ವೈದ್ಯರ ಪಾಲಿಗೆ ಅದು ನೋವು ಇಳಿಯುವ ಮಾತು. ಮಗನಿಗೆ ಹಿಂದಿ ಬರುತ್ತಿತ್ತು, ಆದರೆ ಆ ಒಂದು ಪದವನ್ನು ಅವನು ಕನ್ನಡದಲ್ಲಿಯೇ ಕೇಳಿಸಿಕೊಳ್ಳುತ್ತಿದ್ದ. ಎರಡೂ ಭಾಷೆಗಳಲ್ಲಿ ಇರುವ ಪದಗಳೇ ಹೆಚ್ಚು ಅಪಾಯಕಾರಿ, ಏಕೆಂದರೆ ಅರ್ಥವಾಗಲಿಲ್ಲ ಎಂಬ ಅನುಮಾನವೇ ಯಾರಿಗೂ ಬರುವುದಿಲ್ಲ. ಮರು ಅನುವಾದದಿಂದಲೂ ಇದು ಗೊತ್ತಾಗಲಿಲ್ಲ. ಮರಳಿ ಅನುವಾದಿಸಿದವರು ನನ್ನ ಹಾಗೆಯೇ ಓದಿದವರು, ನನ್ನ ಹಾಗೆಯೇ ಅರ್ಥಮಾಡಿಕೊಂಡಿದ್ದರು.

ಅಂದಿನಿಂದ ಪರೀಕ್ಷೆಯ ಕ್ರಮವನ್ನು ಬದಲಿಸಿದೆ. ಒಂದು ವಾಕ್ಯವನ್ನು ಓದಿ ಹೇಳಿ, ‘ಊರಿನಿಂದ ನಿಮ್ಮ ಅಕ್ಕ ಫೋನ್ ಮಾಡಿ ಡಾಕ್ಟರು ಏನಂದರು ಎಂದು ಕೇಳಿದರೆ ಏನು ಹೇಳುತ್ತೀರಿ?’ ಎಂದು ಕೇಳತೊಡಗಿದೆ. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅಕ್ಕನಿಗೆ ಹೇಳುವ ಮಾತಿನಲ್ಲಿ ಮಾತ್ರ ನಮ್ಮ ವಾಕ್ಯ ಏನಾಗಿದೆ ಎಂಬುದು ಕಾಣುತ್ತದೆ. ಶೀರ್ಷಿಕೆಯಲ್ಲಿ ಪ್ಯಾಲಿಯೇಟಿವ್ ಕೇರ್ ಎಂಬುದನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡೆ. ಬಾಗಿಲ ಮೇಲಿನ ಫಲಕದಲ್ಲಿಯೂ ಕೇಸ್ ಪೇಪರಿನಲ್ಲಿಯೂ ಅವರು ನೋಡುವುದು ಅದೇ ಹೆಸರನ್ನು. ಅದರ ಕೆಳಗೆ ಎರಡು ವಾಕ್ಯಗಳನ್ನು ಇಟ್ಟೆ: ‘ಈ ಔಷಧಗಳಿಂದ ನೋವು, ದಮ್ಮು, ವಾಂತಿ ಇಳಿಯುತ್ತವೆ. ಗಂಟು ಕರಗುವುದಿಲ್ಲ.’ ಎರಡನೆಯದು ಕಠಿಣವಾಯಿತು, ತೆಗೆಯೋಣ ಎಂದು ತಂಡದಲ್ಲಿ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಮೊದಲ ವಾಕ್ಯ ಒಂಟಿಯಾಗಿ ನಿಂತರೆ ಅದು ಮತ್ತೆ ವಾಸಿಯಾಗುವ ಭರವಸೆಯೇ ಆಗುತ್ತದೆ.

ಮುಂದಿನ ತೊಡಕು ಮನೆಯ ಆರೈಕೆಯ ಪುಟದಲ್ಲಿ ಬಂತು. ‘ಇನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು’ ಎಂದು ನಾನು ಬರೆದದ್ದನ್ನು ಇಂಡಿಯ ಆ ಮಗನ ತಾಯಿ ಓದಿಸಿ ಕೇಳಿ, ‘ಮನೀಗೆ ಕರ್ಕೊಂಡು ಹೋಗ್ರಿ ಅಂದ್ರ ಡಾಕ್ಟರ್ ಕೈ ಚೆಲ್ಲಿದ್ರು ಅಂತ’ ಎಂದರು. ಕನ್ನಡನಾಡಿನ ಯಾವ ಮೂಲೆಯಲ್ಲಿಯೂ ವೈದ್ಯರ ಬಾಯಿಂದ ಬಂದ ಆ ಮಾತಿಗೆ ಇರುವುದು ಅದೊಂದೇ ಅರ್ಥ. ಆದ್ದರಿಂದ ರೋಗಿ ಮನೆಗೆ ಹೋಗುವ ವಾಕ್ಯವನ್ನು ತಿರುಗಿಸಿ, ತಂಡ ಮನೆಗೆ ಬರುವ ವಾಕ್ಯವನ್ನಾಗಿ ಮಾಡಿದೆ: ‘ನರ್ಸ್ ವಾರಕ್ಕೊಮ್ಮೆ ನಿಮ್ಮ ಮನೆಗೆ ಬರುತ್ತಾರೆ, ನಡುವೆ ನೋವು ಹೆಚ್ಚಾದರೆ ಈ ನಂಬರಿಗೆ ಫೋನ್ ಮಾಡಿ.’ ಹೇಳಿದ ಸಂಗತಿ ಅದೇ, ಆದರೆ ಇಲ್ಲಿ ಯಾರೂ ಯಾರನ್ನೂ ಕೈಬಿಟ್ಟಿಲ್ಲ. ಹಾಗೆ ಬರೆಯುವ ಮುನ್ನ ನರ್ಸ್ ನಿಜವಾಗಿಯೂ ಡೊಂಬಿವಲಿಯವರೆಗೆ ವಾರಕ್ಕೊಮ್ಮೆ ಹೋಗಬಲ್ಲರೇ ಎಂದು ವಿಚಾರಿಸಿಕೊಂಡೆ. ನಡೆಯದ ಮಾತನ್ನು ಚೆನ್ನಾದ ಕನ್ನಡದಲ್ಲಿ ಬರೆಯುವುದು ದ್ರೋಹ.

ಕೊನೆಗಾಲದ ನಿರ್ಧಾರದ ಪುಟಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಉಸಿರು ಅಥವಾ ಎದೆಬಡಿತ ನಿಂತರೆ ಎದೆಯೊತ್ತಿ, ಗಂಟಲಿಗೆ ನಳಿಗೆ ಇಳಿಸಿ, ಯಂತ್ರದ ಮೇಲೆ ಇಡುವುದು ಬೇಕೇ ಬೇಡವೇ ಎಂಬುದು ಅಲ್ಲಿನ ವಿಷಯ. ಎಲ್ಲ ಪ್ರಯತ್ನವನ್ನೂ ಮಾಡಬೇಕೇ ಎಂದು ಕೇಳುವ ಪ್ರಶ್ನೆಯನ್ನು ನಾನು ಮೊದಲು ಹಾಗೆಯೇ ಅನುವಾದಿಸಿದ್ದೆ. ಹೆತ್ತ ತಂದೆಯ ವಿಷಯದಲ್ಲಿ ಯಾವ ಮಗ ಬೇಡ ಎಂದಾನು? ಬೇಡ ಎಂದರೆ ಊರಿನಲ್ಲಿ ‘ಅಪ್ಪನ್ನ ಕೈಯಾರೆ ಕೊಂದ’ ಎನ್ನಿಸಿಕೊಳ್ಳುವ ಭಯ, ಬೇಕು ಎಂದರೆ ಮುರಿಯುವ ಪಕ್ಕೆಲುಬುಗಳೂ ಐಸಿಯುವಿನ ಒಂಟಿತನವೂ ಆ ತಂದೆಯ ಪಾಲಿಗೆ. ‘ಚಿಕಿತ್ಸೆ ನಿಲ್ಲಿಸುವುದು’ ಎಂಬ ಮಾತೂ ಹಾಗೆಯೇ ಕೆಲಸ ಮಾಡುತ್ತದೆ: ನಿಲ್ಲಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ಕ್ರಿಯಾಪದವೇ ಎತ್ತುತ್ತದೆ, ಉತ್ತರವಾಗಿ ಮಗನೇ ನಿಂತುಬಿಡುತ್ತಾನೆ.

ಕನ್ನಡದಲ್ಲಿ ಇದಕ್ಕೆ ದಾರಿ ಇದೆ. ನಾವು ‘ನಿಲ್ಲಿಸುವುದು’, ‘ಬಿಡುವುದು’ ಎನ್ನದೆ, ‘ತಾಳದು’, ‘ಒಗ್ಗದು’, ‘ಫಲ ಕೊಡದು’ ಎಂದು ದೇಹದ ಕಡೆಯಿಂದ ಮಾತನಾಡಬಲ್ಲೆವು. ಹೊಸ ವಾಕ್ಯ ಹೀಗಾಯಿತು: ‘ಈ ಕಾಯಿಲೆಯಿಂದಲೇ ಉಸಿರು ನಿಂತಾಗ ಎದೆ ಒತ್ತಿದರೂ ಯಂತ್ರ ಹಾಕಿದರೂ ಫಲ ಕೊಡದು, ಅವರ ದೇಹ ಅದನ್ನು ತಾಳದು. ಆದ್ದರಿಂದ ಅದನ್ನು ಮಾಡುವುದು ಬೇಡವೆಂಬುದು ವೈದ್ಯರ ಸಲಹೆ. ನೋವು, ದಮ್ಮು ಆಗದಂತೆ ಕೊನೆಯವರೆಗೂ ಔಷಧ ಕೊಡುತ್ತೇವೆ.’ ಸಲಹೆಯ ಭಾರ ವೈದ್ಯರ ಮೇಲೆ ಉಳಿಯಬೇಕು, ಆದರೆ ಕುಟುಂಬದವರನ್ನು ಕೇಳದೆ ಮುಂದುವರಿಯಬಾರದು. ಅವರನ್ನು ಕೇಳಬೇಕಾದುದು ರೋಗಿಯ ಇಷ್ಟವನ್ನು. ಆ ಹೊತ್ತಿಗೆ ಇಂಡಿಯ ಯಜಮಾನರು ಹೆಚ್ಚಿನ ಹೊತ್ತು ಮಂಪರಿನಲ್ಲಿರುತ್ತಿದ್ದರು. ಮೂಲದಲ್ಲಿ ಅವರು ಮಾತನಾಡುವಂತಿದ್ದಿದ್ದರೆ ಏನು ಹೇಳುತ್ತಿದ್ದರು ಎಂದಿತ್ತು. ಬದುಕಿರುವವರ ಎದುರು ಹಾಗೆ ಕೇಳಿದರೆ ‘ಬಿಡ್ತು ಅನ್ರಿ’ ಎಂದು ಬಾಯಿ ಮುಚ್ಚಿಸುತ್ತಾರೆ. ‘ಬೇರೆ ಯಾರದಾದರೂ ಕಾಯಿಲೆ ನೋಡಿ ಬಂದಾಗ ಅವರು ಏನಾದರೂ ಅಂದದ್ದು ನೆನಪಿದೆಯೇ?’ ಎಂದು ಬದಲಿಸಿದೆ. ಇಂಡಿಯ ಆ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಸೋಲಾಪುರದ ಆಸ್ಪತ್ರೆಯಲ್ಲಿ ದೊಡ್ಡಪ್ಪನನ್ನು ಯಂತ್ರದ ಮೇಲೆ ಇಟ್ಟಿದ್ದನ್ನು ನೋಡಿ ಬಂದು, ‘ನನ್ನ ಹಂಗ ನಳಿಗಿ ಹಾಕಿ ಮಲಗಸಬ್ಯಾಡ್ರಿ’ ಎಂದು ತಂದೆ ಅಂದಿದ್ದರಂತೆ. ಅದನ್ನು ವೈದ್ಯರು ಕೇಸ್ ಪೇಪರಿನಲ್ಲಿ ಬರೆದುಕೊಂಡರು.

ಅದೇ ಹೊತ್ತಿಗೆ ಅವನು ‘ಇದು ದಯಾಮರಣ ಅಲ್ಲೇನ್ರಿ?’ ಎಂದೂ ಕೇಳಿದ. ಮುಂಬೈ ಕನ್ನಡಿಗರಿಗೆ ಈ ಪದ ಚೆನ್ನಾಗಿ ಗೊತ್ತು. ಹೊನ್ನಾವರದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಹಲ್ಲೆಯ ಬಳಿಕ ದಶಕಗಳ ಕಾಲ ಅಲ್ಲಿಯೇ ಹಾಸಿಗೆ ಹಿಡಿದಿದ್ದ ಅರುಣಾ ಶಾನಭಾಗರ ವಿಷಯದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಪತ್ರಿಕೆಗಳ ತುಂಬ ಇದ್ದುದು ಈ ಪದವೇ. ಅದಕ್ಕೇ ಕೈಪಿಡಿಯಲ್ಲಿ ಒಂದು ವಾಕ್ಯ ಸೇರಿಸಿಕೊಂಡೆವು: ‘ಇದು ಜೀವ ತೆಗೆಯುವ ಔಷಧ ಕೊಡುವುದಲ್ಲ, ಕಾಯಿಲೆಯಿಂದ ಬರುವ ಸಾವನ್ನು ಯಂತ್ರದಿಂದ ಎಳೆಯದಿರುವುದು.’ ಸಾವು ಎಂಬ ಪದ ಇಡೀ ಕೈಪಿಡಿಯಲ್ಲಿ ಬರುವುದು ಇಲ್ಲಿ ಮಾತ್ರ. ಉಳಿದೆಡೆ ‘ತೀರಿಕೊಳ್ಳುವುದು’ ಎಂದಿದೆ. ಶಿವನ ಪಾದ, ಲಿಂಗೈಕ್ಯ, ದೈವಾಧೀನ ಎಂಬ ಮಾತುಗಳನ್ನು ಆಯಾ ಮನೆಯವರು ತಾವೇ ಆಡಿಕೊಳ್ಳಲಿ ಎಂದು ಬಿಟ್ಟೆವು. ‘ಏನಾದರೂ ಹೆಚ್ಚುಕಡಿಮೆ ಆದರೆ’ ಎಂಬುದನ್ನು ಬಳಸಲಿಲ್ಲ. ಜನ ಆಡುವ ಮಾತೇ ಹೌದು, ಆದರೆ ಜ್ವರ ಬಂದರೂ ಅದೇ, ಉಸಿರು ಹೋದರೂ ಅದೇ.

ಕೊನೆಯ ದಿನಗಳ ಪುಟದಲ್ಲಿ ಬಾಯಿಯ ಆರೈಕೆಯ ಒಂದು ಸಾಲಿತ್ತು. ರೋಗಿ ಕುಡಿಯುವುದನ್ನು ಬಿಟ್ಟಾಗ ಬಾಯಿ ಒಣಗುತ್ತದೆ, ಆಗಾಗ ಒದ್ದೆ ಮಾಡಬೇಕು ಎಂಬುದು ಅದರ ತಾತ್ಪರ್ಯ. ‘ಬಾಯಿಗೆ ಸ್ವಲ್ಪ ಸ್ವಲ್ಪ ನೀರು ಬಿಡಿ’ ಎಂದು ನಾನು ಬರೆದಿದ್ದೆ. ಅಕ್ಕನಿಗೆ ಏನು ಹೇಳುತ್ತೀರಿ ಎಂದು ಕೇಳಿದಾಗ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಲಗೂನ ಬಾ, ಬಾಯಿಗೆ ನೀರು ಬಿಡು ಹೊತ್ತು ಬಂದೈತಿ ಅಂತೀನಿ’ ಎಂದರು. ಬಾಯಿಗೆ ನೀರು ಬಿಡುವುದೆಂದರೆ ನಮ್ಮಲ್ಲಿ ಜೀವ ಹೋಗುವಾಗ ಮಕ್ಕಳು ಮಾಡುವ ಕೊನೆಯ ಋಣದ ಕೆಲಸ; ಇದನ್ನು ಕುಂದಾಪುರದವನಾದ ನಾನೂ ಬಲ್ಲೆ, ಬಲ್ಲವನಾಗಿದ್ದೂ ಬರೆಯುವಾಗ ಕೇಳಿಸಿಕೊಳ್ಳಲಿಲ್ಲ. ಭಾವನೆಯ ನೋವಷ್ಟೇ ಅಲ್ಲ, ದೇಹಕ್ಕೂ ಅದರಿಂದ ತೊಂದರೆಯಿತ್ತು. ಎಚ್ಚರ ತಪ್ಪುತ್ತಿರುವವರಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿದು ಕೆಮ್ಮು, ಉಸಿರುಗಟ್ಟುವಿಕೆ ತರಬಹುದು. ‘ತೊಳೆದ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತುಟಿ ಮತ್ತು ನಾಲಿಗೆಯನ್ನು ಒರೆಸಿ’ ಎಂದು ಬದಲಿಸಿದೆವು.

ಆದರೆ ಆ ತಾಯಿಗೆ ಇನ್ನೂ ಕೇಳುವುದಿತ್ತು. ಒರೆಸುವುದು ಸರಿ, ಹೊತ್ತು ಬಂದಾಗ ನೀರು ಬಿಡಬಾರದೇ ಎಂದು ಕೇಳಿದರು. ನಾನು ವೈದ್ಯರ ಕಡೆ ತಿರುಗಿ, ಆ ನೀರು ಎಂದರೆ ಈ ಮನೆಯಲ್ಲಿ ಏನೆಂದು ಮರಾಠಿಯಲ್ಲಿ ವಿವರಿಸಿದೆ. ಅವರು ಯೋಚಿಸಿ, ಆ ಹೊತ್ತಿನಲ್ಲಿ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ತುಟಿಗೆ ತಗಲುವಷ್ಟು ಒಂದು ಹನಿ ಬಿಡಿ ಎಂದರು. ಕೈಪಿಡಿಯ ಇಂಗ್ಲಿಷ್ ಮೂಲದಲ್ಲಿಲ್ಲದ ಆ ವಾಕ್ಯ ಈಗ ಕನ್ನಡದ ಏಳನೆಯ ಪುಟದಲ್ಲಿದೆ.