ನೀಲಿ ಹಕ್ಕಿ ಯಾವುದು? ಮೊದಲು ಊರು, ತಿಂಗಳು ಕೇಳಿ

ಕೊಡಗಿನಲ್ಲಿ ಮೈತುಂಬ ನೀಲಿ ಇರುವ ಪುಟ್ಟ ಹಕ್ಕಿ ಕಂಡರೆ ಹೆಚ್ಚಿನವರು ‘ವರ್ಡಿಟರ್ ಫ್ಲೈಕ್ಯಾಚರ್’ ಎಂದು ಬರೆದುಬಿಡುತ್ತಾರೆ. ಅದರಂತೆಯೇ ಕಾಣುವ ಇನ್ನೊಂದು ಹಕ್ಕಿ ನಮ್ಮಲ್ಲಿದೆ. ಅದು ನೀಲಗಿರಿ ಫ್ಲೈಕ್ಯಾಚರ್, ಪಶ್ಚಿಮ ಘಟ್ಟದ್ದೇ ಹಕ್ಕಿ. ಬಣ್ಣ ನೋಡಿ ಇವೆರಡನ್ನು ಬೇರೆ ಮಾಡಲು ಹೋಗಿ ಎಡವಿದವರನ್ನು ತುಂಬಾ ಕಂಡಿದ್ದೇನೆ. ಹಾಗಾಗಿ ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ, ಜಾಗ ಬರೆದುಕೊಳ್ಳುವುದು. ‘ಕೊಡಗು’ ಎಂದರೆ ಸಾಲದು. ಕುಶಾಲನಗರ ಸುಮಾರು 830 ಮೀಟರ್ ಎತ್ತರದಲ್ಲಿದೆ, ತಡಿಯಂಡಮೋಳ್ ತುದಿ 1,748 ಮೀಟರ್. ನೀಲಗಿರಿ ಫ್ಲೈಕ್ಯಾಚರ್ ಎತ್ತರದ ಶೋಲಾ ಕಾಡಿನ ಹಕ್ಕಿ, ಅಂಥ ಕಾಡಿಗೆ ಅಂಟಿದ ತೋಟಕ್ಕೂ ಬರುತ್ತದೆ. ಕುಶಾಲನಗರದ ಬಯಲಲ್ಲಿ ಅದನ್ನು ಹುಡುಕಬೇಡಿ.

ಎರಡನೆಯದು ತಿಂಗಳು. ಎಲ್ಲರೂ ತಪ್ಪುವುದು ಇಲ್ಲೇ. ವರ್ಡಿಟರ್ ಹಿಮಾಲಯದ ಕಡೆ ಮರಿ ಮಾಡಿ ಚಳಿಗಾಲಕ್ಕೆ ಮಾತ್ರ ಇಲ್ಲಿಗೆ ಬರುವ ಹಕ್ಕಿ. ಅಕ್ಟೋಬರ್ ಹೊತ್ತಿಗೆ ಬಂದು, ಬೇಸಿಗೆ ಏರುವಾಗ ಹೊರಟುಬಿಡುತ್ತದೆ. ನೀಲಗಿರಿಯದು ವರ್ಷವಿಡೀ ಇಲ್ಲೇ ಇರುತ್ತದೆ. ಆದ್ದರಿಂದ ತಿಂಗಳು ಸರಿಯಾಗಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಫೋಟೋ ವಾಟ್ಸಾಪ್‌ನಲ್ಲಿ ಬಂದ ದಿನವನ್ನೇ ತೆಗೆದ ದಿನ ಅಂದುಕೊಳ್ಳುತ್ತಾರೆ. ಸುಮ್ನೆ ಫೋಟೋ ಆಗಿ ಕಳಿಸಿದರೆ ಅದರೊಳಗಿನ ದಿನಾಂಕ, ಜಾಗದ ಮಾಹಿತಿ ಹೊರಟುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಉಳಿಯುತ್ತದೆ.

ಅದೂ ಆಗದಿದ್ದರೆ ಚಿತ್ರದಲ್ಲಿರುವ ಕಾಫಿ ಗಿಡವನ್ನು ಓದಿ. ಬಿಳಿ ಹೂ ಇದ್ದರೆ ಹೂಮಳೆ ಬಿದ್ದ ಫೆಬ್ರವರಿ, ಮಾರ್ಚ್ ಆಸುಪಾಸು. ಕೆಂಪು ಹಣ್ಣು ಇದ್ದರೆ ಚಳಿಗಾಲ. ಸಣ್ಣ ಹಸಿರು ಕಾಯಿ, ಕಾಂಡದ ಮೇಲೆ ನೆನೆದ ಪಾಚಿ ಇದ್ದರೆ ಮಳೆಗಾಲ.

ಭಾಗಮಂಡಲದ ಮೇಲಿನ ತೋಟದಿಂದ ನನ್ನ ಚಿಕ್ಕಪ್ಪನ ಮಗ ‘ವರ್ಡಿಟರ್ ಸಿಕ್ತು ಅಣ್ಣ’ ಎಂದು ಒಂದು ಚಿತ್ರ ಕಳಿಸಿದ್ದ. ದಿನಾಂಕ ಇರಲಿಲ್ಲ. ಹಕ್ಕಿಯ ಕೆಳಗಿನ ಕೊಂಬೆಯಲ್ಲಿ ಕಾಫಿ ಕಾಯಿ ಕರಿಮೆಣಸಿನ ಕಾಳಿನಷ್ಟೇ ಇತ್ತು. ‘ಇದು ಜೂನ್ ಅಲ್ವಾ?’ ಎಂದು ಕೇಳಿದೆ. ಫೋನ್ ನೋಡಿ ‘ಹೌದು, ಜೂನ್ 12’ ಎಂದ. ತೋಟದ ಮೇಲಿನ ಅಂಚು ಕಾಡಿಗೆ ತಾಗಿತ್ತು. ಮೈಬಣ್ಣ ನೋಡುವ ಮೊದಲೇ ನೀಲಗಿರಿ ಎಂಬ ಕಡೆ ತಕ್ಕಡಿ ವಾಲಿತ್ತು. ಎರಡು ದಿನ ಬಿಟ್ಟು ಅದೇ ಜಾಗದಿಂದ ಇನ್ನೊಂದು ಚಿತ್ರ ಬಂತು. ಆ ಹಕ್ಕಿ, ಚುಕ್ಕೆ ಚುಕ್ಕೆಯ ಕಂದು ಮರಿಗೆ ಹುಳ ಕೊಡುತ್ತಿತ್ತು. ವರ್ಡಿಟರ್ ಇಲ್ಲಿ ಮರಿ ಮಾಡುವುದಿಲ್ಲ.

ಮೂರನೆಯದು, ಎಲ್ಲಿ ಕೂತಿತ್ತು ಎಂಬುದು. ಬರಿಗೊಂಬೆಯ ತುದಿಯಲ್ಲಿ, ಬಿಸಿಲಿಗೆ ತೆರೆದು ಕೂತಿದ್ದರೆ ವರ್ಡಿಟರ್ ಇರಬಹುದು. ಆದರೆ ಇದು ಬರೀ ಸುಳಿವು, ಇದೊಂದನ್ನೇ ನಂಬಬೇಡಿ.

ಈಗ ಹಕ್ಕಿಯನ್ನು ನೋಡಿ. ವರ್ಡಿಟರ್ ತಿಳಿ, ಹಸಿರು ಬೆರೆತ ನೀಲಿ. ಕಣ್ಣು ಮತ್ತು ಕೊಕ್ಕಿನ ನಡುವೆ ಕಪ್ಪು ಎದ್ದು ಕಾಣುತ್ತದೆ. ನೀಲಗಿರಿಯದು ಗಾಢ ನೀಲಿ, ಆ ಕಪ್ಪು ಅಷ್ಟು ಎದ್ದು ಕಾಣುವುದಿಲ್ಲ. ಬಾಲದ ಬುಡದಲ್ಲಿ ಎರಡು ಪುಟ್ಟ ಬಿಳಿ ಮಚ್ಚೆ ಇರುತ್ತದೆ, ಸಿಕ್ಕರೆ ಅದೇ ಗಟ್ಟಿ ಸಾಕ್ಷಿ. ನೆರಳಿನಲ್ಲಿ ಕ್ಯಾಮೆರಾ ನೀಲಿಯನ್ನು ಕೆಡಿಸುತ್ತದೆ, ಹಾಗಾಗಿ ಬಣ್ಣಕ್ಕಿಂತ ಮಚ್ಚೆಯನ್ನೇ ಜಾಸ್ತಿ ನಂಬಿ. ನಕ್ಷೆಯೂ ತಿಂಗಳೂ ಇಲ್ಲದ, ಬರೀ ಬಣ್ಣದ ಚಿತ್ರಗಳ ಹಕ್ಕಿ ಚಾರ್ಟ್ ಕೊಳ್ಳಲೇಬೇಡಿ.

ಇ-ಬರ್ಡ್‌ನ ತಿಂಗಳ ಪಟ್ಟಿ ನೋಡುವವರಿಗೆ ಒಂದು ಮಾತು. ಅದು ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ, ಯಾವ ವಾರ ಯಾವ ಹಕ್ಕಿ ಕಂಡಿತು ಎಂದು ಗೆರೆಗಳಲ್ಲಿ ತೋರಿಸುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಹಕ್ಕಿ ನೋಡಲು ಹೊರಡುವವರೇ ಕಡಿಮೆ. ಆ ವಾರಗಳಲ್ಲಿ ಗೆರೆ ಇಲ್ಲವೆಂದರೆ ಹಕ್ಕಿ ಇಲ್ಲವೆಂದಲ್ಲ, ನೋಡಿದವರು ಇಲ್ಲದಿರಬಹುದು. ವರ್ಷವಿಡೀ ಸಿಗುವ ಪಿಕಳಾರದ ಸಾಲನ್ನು ಪಕ್ಕದಲ್ಲಿ ಇಟ್ಟು ನೋಡಿ. ಅದರದ್ದೂ ಅಲ್ಲಿ ಖಾಲಿ ಇದ್ದರೆ ಆ ಖಾಲಿಗೆ ಅರ್ಥವಿಲ್ಲ.

ಡಿಸೆಂಬರ್‌ನಲ್ಲಿ, ಮಡಿಕೇರಿ ಎತ್ತರದ ಕಾಡಂಚಿನಲ್ಲಿ ಮಾತ್ರ ಎರಡೂ ಇರಬಹುದು. ಅಲ್ಲಿ ಜಾಗ, ತಿಂಗಳು ಸಹಾಯ ಮಾಡುವುದಿಲ್ಲ. ಮುಖ, ಬಾಲ ಕಾಣದಿದ್ದರೆ ‘ನೀಲಿ ಫ್ಲೈಕ್ಯಾಚರ್, ವರ್ಡಿಟರ್ ಅಥವಾ ನೀಲಗಿರಿ’ ಎಂದಷ್ಟೇ ಬರೆಯಿರಿ.