ಪದಗಳೇ ತುಂಬಿದ ವಿಜ್ಞಾನದ ಪಾಠ ಓದುವಾಗ

ಮೂತ್ರಪಿಂಡದ ಪಾಠವನ್ನೇ ತೆಗೆದುಕೊಳ್ಳಿ. ನೆಫ್ರಾನ್, ಗ್ಲೊಮೆರುಲಸ್, ಬೌಮನ್ ಕೋಶ, ಶೋಧನೆ, ಮರುಹೀರಿಕೆ ಎಲ್ಲವೂ ಒಂದೇ ಪುಟದಲ್ಲಿ ಬರುತ್ತವೆ. ಮೊದಲ ಓದಿನಲ್ಲಿ ಯಾವುದನ್ನೂ ಬಾಯಿಪಾಠ ಮಾಡಬೇಡಿ. ಪ್ರತಿ ಪದದ ಮುಂದೆ ಅದು ಭಾಗವೋ, ವಸ್ತುವೋ, ಕ್ರಿಯೆಯೋ ಎಂದಷ್ಟೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಗ್ಲೊಮೆರುಲಸ್ ಒಂದು ಭಾಗ, ಯೂರಿಯಾ ವಸ್ತು, ಮರುಹೀರಿಕೆ ಕ್ರಿಯೆ. ವ್ಯಾಖ್ಯೆಯ ಅರ್ಧ ಗೊಂದಲ ಇಲ್ಲೇ ತಿಳಿಯಾಗುತ್ತದೆ.

ಆಮೇಲೆ ಚಿತ್ರಕ್ಕೆ ಬನ್ನಿ. ಹೆಸರುಗಳನ್ನು ಕೈಯಿಂದ ಮುಚ್ಚಿ, ಒಂದೇ ಒಂದು ವಸ್ತುವಿನ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ. ಗ್ಲೂಕೋಸ್ ಆಗಲಿ. ಅದು ರಕ್ತದ ಒತ್ತಡದಿಂದ ಗ್ಲೊಮೆರುಲಸ್ ದಾಟಿ ಬೌಮನ್ ಕೋಶಕ್ಕೆ ಇಳಿಯುತ್ತದೆ, ನಾಳಿಕೆಯ ಮೊದಲ ಭಾಗದಲ್ಲೇ ಮತ್ತೆ ರಕ್ತಕ್ಕೆ ಸೇರುತ್ತದೆ. ಬಳಿಕ ಯೂರಿಯಾ ಹಿಡಿದು ಇನ್ನೊಮ್ಮೆ ಹೋಗಿ. ಅದರಲ್ಲಿ ಒಂದು ಪಾಲು ಮರಳಿದರೂ ಉಳಿದದ್ದು ಮೂತ್ರದಲ್ಲಿ ಹೊರಹೋಗುತ್ತದೆ. ಎರಡೂ ದಾರಿಗಳು ಎಲ್ಲಿ ಬೇರೆಯಾದವೋ ಅಲ್ಲೇ ಪಾಠದ ತಿರುಳಿದೆ.

ಪ್ರಕ್ರಿಯೆಯ ಪ್ಯಾರಾದಲ್ಲಿ ಪ್ರತಿ ಕ್ರಿಯಾಪದಕ್ಕೂ ಮೂರು ಪ್ರಶ್ನೆ ಕೇಳಿ: ಏನು ಚಲಿಸಿತು, ಎಲ್ಲಿಂದ ಎಲ್ಲಿಗೆ, ಯಾವುದರ ಬಲದಿಂದ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ವಾಕ್ಯ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ. ಅಂಕಿಗಳನ್ನೂ ಹೀಗೆಯೇ ಜೋಡಿಸಿ ನೋಡಿ. ದಿನಕ್ಕೆ ಸುಮಾರು 180 ಲೀಟರ್ ಶೋಧನೆಯಾಗುತ್ತದೆ, ಮೂತ್ರವಾಗುವುದು ಸುಮಾರು ಒಂದೂವರೆ ಲೀಟರ್. ಮರುಹೀರಿಕೆ ಎಷ್ಟು ದೊಡ್ಡ ಕೆಲಸವೆಂದು ಆಗ ಕಣ್ಣಿಗೆ ಕಟ್ಟುತ್ತದೆ.

ಕೊನೆಗೆ ಪುಸ್ತಕ ಮುಚ್ಚಿ, "ಆರೋಗ್ಯವಂತರ ಮೂತ್ರದಲ್ಲಿ ಗ್ಲೂಕೋಸ್ ಏಕೆ ಕಾಣುವುದಿಲ್ಲ?" ಎಂದು ಕೇಳಿಕೊಳ್ಳಿ. "ಅದು ಶೋಧನೆಯಾಗುವುದೇ ಇಲ್ಲ" ಎಂಬ ಉತ್ತರ ಬಂದರೆ, ಪುನಃ ಚಿತ್ರದ ಮೇಲೆ ಬೆರಳಿಡಿ.