ಗ್ಯಾಲ್ವನೈಸ್ ಮಾಡಿದ ಶೆಡ್ಡಿಗೆ ಸೈಟಿನಲ್ಲಿ ವೆಲ್ಡಿಂಗ್ ಬೇಡ, ಬೋಲ್ಟ್ ಇರಲಿ

ಕಲಬುರಗಿಯಲ್ಲಿ ಬೇಳೆ ಮಿಲ್ಲಿಗೋ ಗೋದಾಮಿಗೋ ಕಬ್ಬಿಣದ ಶೆಡ್ಡು ಹಾಕಿಸುವವರು ವೆಲ್ಡಿಂಗ್ ಕೆಲಸವನ್ನೆಲ್ಲ ವರ್ಕ್‌ಶಾಪಿನಲ್ಲೇ ಮುಗಿಸಿ, ಚಾವಣಿ ಶೀಟು ಹೊರುವ ಪರ್ಲಿನ್ ಕೂರುವ ಕ್ಲೀಟುಗಳನ್ನೂ ರಾಫ್ಟರಿಗೆ ಅಲ್ಲಿಯೇ ಬೆಸೆಸಿ, ತೂತುಗಳನ್ನೂ ಕೊರೆಸಿ, ಅನಂತರವೇ ಕರಗಿದ ಸತುವಿನಲ್ಲಿ ಅದ್ದಿ ಲೇಪ ಕೊಡುವ ಗ್ಯಾಲ್ವನೈಸಿಂಗ್‌ಗೆ ಕಳುಹಿಸಬೇಕು. ಸೈಟಿನಲ್ಲಿ ಬೋಲ್ಟ್ ಬಿಗಿಯುವ ಕೆಲಸವಷ್ಟೇ ಉಳಿಯಬೇಕು. ಸತು ಸುಮಾರು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ, ವೆಲ್ಡಿಂಗ್‌ನ ಶಾಖವೋ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಬೆಸುಗೆಯ ಸುತ್ತ ಲೇಪ ಸುಟ್ಟುಹೋಗಿ, ಮಳೆನೀರು ನಿಲ್ಲುವ ಆ ಮೂಲೆಯಲ್ಲೇ ಮೊದಲು ಕೆಂಪು ತುಕ್ಕು ಕಾಣಿಸುತ್ತದೆ. 16 ಮಿ.ಮೀ. ಬೋಲ್ಟಿಗೆ 18 ಮಿ.ಮೀ. ತೂತು ಇರಲಿ. ಬೋಲ್ಟ್, ನಟ್, ವಾಷರ್ ಮೂರೂ ಬಿಸಿ ಸತುವಿನಲ್ಲಿ ಅದ್ದಿದವೇ ಆಗಿರಬೇಕು. ಸಾದಾ ನಟ್ ದಪ್ಪ ಲೇಪದ ಬೋಲ್ಟಿನ ಮೇಲೆ ಓಡುವುದಿಲ್ಲ, ಅದನ್ನು ಓಡಿಸಲು ಫಿಟ್ಟರ್ ಬೋಲ್ಟಿನ ಎಳೆಯನ್ನೇ ಮತ್ತೆ ಕೊರೆದರೆ ಲೇಪವೂ ಹೋಗುತ್ತದೆ. ಎರಡೂ ತುದಿ ಮುಚ್ಚಿದ ಪೈಪುಗಳಿಗೆ ಗಾಳಿ ಹೋಗಲು ತೂತು ಬಿಡಿಸುವುದನ್ನು ದಯವಿಟ್ಟು ಮರೆಯಬೇಡಿ, ಇಲ್ಲದಿದ್ದರೆ ಕರಗಿದ ಸತುವಿನ ತೊಟ್ಟಿಯಲ್ಲಿ ಪೈಪು ಸಿಡಿದು ಜೀವಕ್ಕೇ ಅಪಾಯ. ರಾಫ್ಟರ್ ತೊಟ್ಟಿಯಲ್ಲಿ ಅದ್ದಲಾಗದಷ್ಟು ಉದ್ದವಿದ್ದರೆ, ಅಥವಾ ಹಳೆಯ ಶೆಡ್ಡಿಗೆ ಹೊಸ ಕಂಬ ಸೇರಿಸುವಾಗ ತೂತುಗಳು ಹೊಂದದಿದ್ದರೆ ಈ ಕ್ರಮ ನಡೆಯುವುದಿಲ್ಲ. ಆಗ ಬೆಸೆಯುವ ಜಾಗದ ಸತುವನ್ನು ಮೊದಲು ಗ್ರೈಂಡರಿನಿಂದ ತೆಗೆದು, ಹೊಗೆಯಿಂದ ಜ್ವರ ಬರುವುದರಿಂದ ಗಾಳಿಯಾಡುವಲ್ಲಿ ಬೆಸೆದು, ಸ್ಲ್ಯಾಗ್ ಪೂರ್ತಿ ಕೆತ್ತಿ, ಲೋಹ ಹೊಳೆಯುವವರೆಗೆ ಉಜ್ಜಿ, ಸತುವಿನ ಪುಡಿ ಹೆಚ್ಚಿರುವ ಪೇಂಟನ್ನು ಒಟ್ಟು 100 ಮೈಕ್ರಾನ್‌ಗೆ ಕಡಿಮೆಯಾಗದಂತೆ ಬಳಿಸಬೇಕು. ಬಣ್ಣ ಮಾತ್ರ ಹೊಂದುವ ಅಲ್ಯೂಮಿನಿಯಂ ಪೇಂಟ್ ಈ ರಕ್ಷಣೆಯನ್ನು ಕೊಡುವುದಿಲ್ಲ.